ಒಂದು ಮಾತಿನ ಕೆಲಸ

ಹೊರನಾಡಿನಲ್ಲಿ ಕೆಲಸಕ್ಕಿರುವ ಕನ್ನಡಿಗರ ಬಗ್ಗೆ ಊರಿನವರಿಗೆ ಒಂದು ಲೆಕ್ಕವಿರುತ್ತದೆ. ಯಾರು ಯಾವ ನಗರದಲ್ಲಿದ್ದಾರೆ ಎಂಬುದಕ್ಕಿಂತ ಯಾರು ಯಾವ ಬಾಗಿಲ ಬಳಿ ಕುಳಿತಿದ್ದಾರೆ ಎಂಬುದು ಅದರಲ್ಲಿ ಮುಖ್ಯ. ನಾನು ಮುಂಬಯಿಯಲ್ಲಿ, ರೈಲ್ವೆಯ ಆಡಳಿತ ಕಚೇರಿಯೊಂದರಲ್ಲಿ ಅಧೀಕ್ಷಕಿ. ಊರಿನ ಲೆಕ್ಕದಲ್ಲಿ ಇದರ ಅರ್ಥ ಒಂದೇ: ನನ್ನ ಕೈಯಲ್ಲಿ ಬರ್ತುಗಳಿವೆ. ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ; ಕೇಳಿ ಕೇಳಿ ಅವರಿಗೆ ಸಾಕಾಗಿಲ್ಲ.

ಈ ಪ್ರಬಂಧ ಒಬ್ಬ ಪರಿಚಿತರನ್ನು ಕುರಿತದ್ದು. ಅವರ ಹೆಸರು ಇಲ್ಲಿ ಬೇಕಾಗಿಲ್ಲ. ಬಾಗಲಕೋಟೆಯ ಕಡೆಯವರು, ನನ್ನ ತಮ್ಮನ ಜೊತೆ ಓದಿದವರು, ಅಲ್ಲಿಯೇ ಅಂಗಡಿ ಇಟ್ಟುಕೊಂಡಿದ್ದಾರೆ. ನನ್ನನ್ನು 'ಅಕ್ಕಾರ' ಎಂದು ಕರೆಯುತ್ತಾರೆ. ಕೆಟ್ಟವರಲ್ಲ. ಆದರೆ ಎಷ್ಟೋ ವರ್ಷಗಳಿಂದ ಅವರ ಧ್ವನಿ ನನಗೆ ಕೇಳಿಸಿದ್ದು ಕೆಲಸವಿದ್ದಾಗ ಮಾತ್ರ. ಕರೆಯ ರಚನೆ ಎಂದೂ ಬದಲಾಗುತ್ತಿರಲಿಲ್ಲ. "ಅಕ್ಕಾರ, ಆರಾಮ ಅದೀರಿ? ಮಳಿ ಹೆಂಗದ ಅಲ್ಲಿ?" ಎಂದು ಆರಂಭ, ಮಕ್ಕಳ ಓದು, ನನ್ನ ಮಂಡಿನೋವು, ಒಂದು ಸಣ್ಣ ಮೌನ, ಆಮೇಲೆ "ಅಂದಂಗ ಅಕ್ಕಾರ..." ಈ 'ಅಂದಂಗ' ಎಂಬ ಪದ ಬಾಗಿಲಿನ ತಿರುಗಣಿಯಂತೆ. ಅದರ ಆಚೆಗೆ ಯಾವಾಗಲೂ ಒಂದು ಪಿಎನ್‌ಆರ್ ಸಂಖ್ಯೆ ಇರುತ್ತಿತ್ತು. "ನಿಮಗ ಅದು ಒಂದ ಮಾತಿನ ಕೆಲಸರಿ."

ಈ ಒಂದು ಮಾತಿನ ಕೆಲಸವೆಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನವರಿಗೆ ಅದು ಕಾಣುವುದಿಲ್ಲ.

ದೂರ ಹೋಗುವ ಗಾಡಿಗಳಲ್ಲಿ ಪ್ರತಿ ದರ್ಜೆಯ ಕೆಲವೇ ಬರ್ತುಗಳನ್ನು ತುರ್ತು ಕೋಟಾ ಎಂದು ತೆಗೆದಿಡುತ್ತಾರೆ. ಕಚೇರಿಯ ಭಾಷೆಯಲ್ಲಿ 'ಇ.ಕ್ಯೂ.' ಅದರಲ್ಲಿ ಮೊದಲ ಹಕ್ಕು ಮಂತ್ರಿಗಳಿಗೆ, ಸಂಸದರಿಗೆ, ನ್ಯಾಯಾಧೀಶರಿಗೆ, ಕರ್ತವ್ಯದ ಮೇಲೆ ಹೊರಟ ಹಿರಿಯ ಅಧಿಕಾರಿಗಳಿಗೆ. ಉಳಿದರೆ ಕಾಯಿಲೆ, ಸಾವು, ಸಂದರ್ಶನ ಮೊದಲಾದ ಕಾರಣವಿರುವ ಸಾಮಾನ್ಯ ಪ್ರಯಾಣಿಕರಿಗೆ. ಟಿಕೆಟ್ಟು ವೇಟಿಂಗ್ ಲಿಸ್ಟಿನಲ್ಲಿರಬೇಕು. ಗಾಡಿ, ದಿನಾಂಕ, ಪಿಎನ್‌ಆರ್, ಎಷ್ಟು ಜನ, ಏನು ಕಾರಣ ಎಂದು ಬರೆದ ಪತ್ರಕ್ಕೆ ಅಧಿಕಾರಿಯೊಬ್ಬರ ಸಹಿ ಬೇಕು. ಸಿಕ್ಕಿತೋ ಇಲ್ಲವೋ ಎಂಬುದು ಚಾರ್ಟು ಸಿದ್ಧವಾದಾಗಲೇ ತಿಳಿಯುವುದು. ಹಬ್ಬದ ದಿನಗಳಲ್ಲಿ ನಲವತ್ತು ಪತ್ರಗಳಿಗೆ ನಾಲ್ಕು ಬರ್ತು ಉಳಿದರೆ ಅದೇ ದೊಡ್ಡದು. ಮತ್ತೊಂದು ವಿಷಯ: ಮುಂಬಯಿಯಿಂದ ಹೊರಡುವ ಗಾಡಿಗಳ ಕೋಟಾ ಮಾತ್ರ ಮುಂಬಯಿಯಲ್ಲಿ ಹಂಚಿಕೆಯಾಗುತ್ತದೆ. ಊರಿನಿಂದ ಹೊರಡುವ ಗಾಡಿಯದ್ದು ಆ ಕಡೆಯದ್ದು. ಇದನ್ನು ನಾನು ಹತ್ತಾರು ಸಲ ವಿವರಿಸಿದ್ದೇನೆ. "ಹೌದ್ರಿ, ಹೌದ್ರಿ, ಆದರೂ ನಿಮ್ಮ ಕಡಿಂದ ಒಂದ ಫೋನ್ ಹೋದರ..." ಎಂಬಲ್ಲಿಗೆ ನನ್ನ ವಿವರಣೆ ಪ್ರತಿ ಸಲವೂ ಮುಗಿಯುತ್ತಿತ್ತು.

ನನಗೆ ಸಹಿಯ ಅಧಿಕಾರವಿಲ್ಲ. ಪತ್ರ ಸಿದ್ಧಪಡಿಸಿಕೊಂಡು ನಮ್ಮ ಸಾಹೇಬರ ಕೋಣೆಗೆ ಹೋಗಬೇಕು, ಅವರು ತಲೆ ಎತ್ತುವವರೆಗೆ ನಿಲ್ಲಬೇಕು, "ಯಾರು ಇವರು?" ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಆಮೇಲೆ ಕೋಟಾ ವಿಭಾಗದಲ್ಲಿರುವ ಸಹೋದ್ಯೋಗಿಗೆ ತಲುಪಿಸಬೇಕು. ಆಕೆ ಮರಾಠಿಯವಳು, ನಿಷ್ಠುರೆ, ಒಳ್ಳೆಯವಳು. ವರ್ಷಕ್ಕೆ ಎರಡು ಮೂರು ಸಲ ಇವರಿಬ್ಬರ ಮುಂದೆ ನಿಲ್ಲುವುದಕ್ಕೂ ತಿಂಗಳಿಗೆ ಎರಡು ಸಲ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ನನ್ನ ಪರಿಚಿತರು ನನ್ನನ್ನು ಕೇಳುತ್ತಿದ್ದಾಗ ಖರ್ಚಾಗುತ್ತಿದ್ದುದು ನನ್ನದಲ್ಲದ ಗಂಟು: ಸಾಹೇಬರಿಗೆ ನನ್ನ ಮೇಲಿರುವ ನಂಬಿಕೆ, ಆ ಸಹೋದ್ಯೋಗಿಗೆ ನನ್ನ ಮೇಲಿರುವ ಸ್ನೇಹ. ನಾಳೆ ನನ್ನ ಮಗಳಿಗೇ ನಿಜವಾದ ತುರ್ತು ಬಂದರೆ ಆ ಗಂಟಿನಲ್ಲಿ ಏನು ಉಳಿದಿರುತ್ತದೆ ಎಂದು ಒಮ್ಮೊಮ್ಮೆ ಯೋಚಿಸುತ್ತಿದ್ದೆ.

ಹಾಗಾದರೆ ಮೊದಲೇ ಆಗುವುದಿಲ್ಲ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಲ್ಲಿ ಒಂದು ಹಳೆಯ ಸಂಗತಿ ಅಡ್ಡ ಬರುತ್ತದೆ.

2013ರ ಚಳಿಗಾಲದಲ್ಲಿ ನಮ್ಮ ಅಪ್ಪ ತೀರಿಕೊಂಡರು. ಸುದ್ದಿ ನನಗೆ ಬಂದದ್ದು ರಾತ್ರಿ. ಬಾಗಲಕೋಟೆಯ ಗಾಡಿ ಆಗಲೇ ಹೊರಟುಹೋಗಿತ್ತು. ಸಿಕ್ಕಿದ ಗಾಡಿ ಹತ್ತಿ ಸೊಲ್ಲಾಪುರದವರೆಗೆ ಹೋಗುವುದು, ಮುಂದಿನದು ದೇವರಿಗೆ ಬಿಟ್ಟದ್ದು ಎಂದು ಹೊರಟೆ. ಬೆಳಗಿನ ಜಾವ ಸೊಲ್ಲಾಪುರದ ಪ್ಲಾಟ್‌ಫಾರ್ಮಿನ ಮೇಲೆ ಈ ಮನುಷ್ಯ ನಿಂತಿದ್ದರು. ತಮ್ಮನಿಂದ ವಿಷಯ ತಿಳಿದು, ಯಾರೂ ಹೇಳದೆ, ಸುಮಾರು 180 ಕಿಲೋಮೀಟರ್ ರಾತ್ರಿಯೆಲ್ಲ ಕಾರು ನಡೆಸಿಕೊಂಡು ಬಂದಿದ್ದರು. ದಾರಿಯಲ್ಲಿ ಹೆಚ್ಚು ಮಾತಾಡಲಿಲ್ಲ. ವಿಜಯಪುರ ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿ ಚಹಾ ಕೊಡಿಸಿದರು. ಮಣ್ಣಿಗಿಡುವ ಮೊದಲು ನಾನು ಅಪ್ಪನ ಮುಖ ನೋಡಿದ್ದು ಅವರಿಂದ. ಆಮೇಲಿನ ವರ್ಷಗಳಲ್ಲಿ ಎಷ್ಟೇ ಕೆಲಸ ಕೇಳಿದರೂ ಅವರು ಒಂದು ಸಲವೂ ಆ ರಾತ್ರಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಮ್ಮ ನುಡಿಯಲ್ಲಿ ಈ ಸಂಬಂಧಗಳಿಗೆ ಬೇರೆ ಬೇರೆ ಪದಗಳಿವೆ; ನಾವು ಅವನ್ನು ಒಂದೇ ಎಂಬಂತೆ ಬಳಸುತ್ತೇವೆ. ಋಣ ಎನ್ನುವುದು ಆ ರಾತ್ರಿಯಂಥದ್ದು. ಅದನ್ನು ಹೊತ್ತವರಿಗೆ ಅದು ಭಾರವಲ್ಲ. ಹಂಗು ಎನ್ನುವುದು ಭಾರ; ಅದರಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ದಾಕ್ಷಿಣ್ಯ ಎನ್ನುವುದು ಎದುರಿಗಿರುವವರ ಮುಖ ನೋಡಿ 'ಇಲ್ಲ' ಎನ್ನಲಾಗದ ಸ್ಥಿತಿ. ಅದಕ್ಕೇ ನಮ್ಮಲ್ಲಿ ಮುಲಾಜು ಎಂಬ ಇನ್ನೊಂದು ಪದವೂ ಇದೆ. ಮುಂಬಯಿಯಲ್ಲಿರುವ ನಮಗೆ ಅದರ ಮರಾಠಿ ನೆಂಟ 'ಮುಲಾಹಿಜಾ' ದಿನವೂ ಕಿವಿಗೆ ಬೀಳುತ್ತದೆ. ಇನ್ನು ವಶೀಲಿ. ಅದು ವ್ಯಕ್ತಿಗಳ ನಡುವಿನ ಭಾವವೇ ಅಲ್ಲ, ಒಂದು ಸರಕು. ಅವರ ಕರೆಗಳಲ್ಲಿ ನನ್ನ ಋಣ ಎಲ್ಲಿ ಮುಗಿದು ಅವರ ವಶೀಲಿ ಎಲ್ಲಿ ಶುರುವಾಗುತ್ತಿತ್ತು ಎಂಬುದು ನನಗೆ ಬಹಳ ಕಾಲ ಸ್ಪಷ್ಟವಾಗಿರಲಿಲ್ಲ.

2024ರ ದೀಪಾವಳಿಯ ನಂತರ ನಾನು ಒಂದು ಸಣ್ಣ ಕೆಲಸ ಮಾಡಿದೆ. ದೂರವಾಣಿಯಲ್ಲಿ ಉಳಿದಿದ್ದ ಒಂದು ವರ್ಷದ ಅವರ ಕರೆ, ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತ ಹೋಗಿ ಒಂದು ಹಾಳೆಯ ಮೇಲೆ ಬರೆದೆ. ಯಾವ ದಿನ, ಯಾರಿಗಾಗಿ, ಏನು ಕಾರಣ. ಹತ್ತೊಂಬತ್ತು ಕೋರಿಕೆಗಳಿದ್ದವು. ಅವುಗಳಲ್ಲಿ ಅವರ ಮನೆಯವರಿಗಾಗಿ ಕೇಳಿದ್ದು ಎರಡು. ಉಳಿದ ಹದಿನೇಳು ಬೇರೆಯವರವು: ಅಂಗಡಿಯ ಗಿರಾಕಿ, ಗಿರಾಕಿಯ ಷಡ್ಡಕ, ಬ್ಯಾಂಕಿನ ಮ್ಯಾನೇಜರು, ಮ್ಯಾನೇಜರರ ಮಗಳು. ಪಟ್ಟಿ ನೋಡುತ್ತಿದ್ದಂತೆ ನನಗೆ ಒಂದು ವಿಷಯ ಹೊಳೆಯಿತು. ಮರಳಿ ಏನನ್ನೂ ಕೊಡದೆ ಕೇಳುತ್ತಲೇ ಇರುವವರು ನನಗೆ ಇನ್ನೂ ಹಲವರಿದ್ದಾರೆ. ನಮ್ಮ ಹಳೆಯ ಓಣಿಯ ಅಜ್ಜಿಯೊಬ್ಬರು ಈಗಲೂ ಔಷಧಿಗೆ ಫೋನು ಮಾಡುತ್ತಾರೆ. ಅವರು ಕೊಡಲು ಏನಿದೆ? ಅದು ಎಂದೂ ನನಗೆ ಕಿರಿಕಿರಿಯಾಗಿಲ್ಲ. ಕಿರಿಕಿರಿಯಾದದ್ದು ಕೊಡದಿರುವುದಕ್ಕಲ್ಲ, ನನ್ನಿಂದ ಪಡೆದದ್ದನ್ನು ಇವರು ಬೇರೆಡೆ ಕೊಡುತ್ತಿದ್ದುದಕ್ಕೆ. "ಮುಂಬಯಿಯಾಗ ನಮ್ಮ ಅಕ್ಕಾರ ಅದಾರ, ನಾ ಮಾಡಸ್ತೀನಿ" ಎಂಬ ಮಾತು ಬಾಗಲಕೋಟೆಯಲ್ಲಿ ಚಲಾವಣೆಯಲ್ಲಿತ್ತು. ಹಣ ತೆಗೆದುಕೊಳ್ಳುತ್ತಿದ್ದರೆಂದು ನಾನು ಹೇಳಲಾರೆ. ಹಾಗೆ ಅನ್ನಿಸಿಯೂ ಇಲ್ಲ. ಸಾಲ ಮಂಜೂರು ಮಾಡುವ ಮ್ಯಾನೇಜರರಿಗೆ ಬರ್ತು ಕೊಡಿಸುವುದರಲ್ಲಿ ಹಣದ ಅಗತ್ಯವೂ ಇಲ್ಲ.

ಕಿರಿಕಿರಿಯಾಗಿದ್ದದ್ದು ಆತಂಕವಾದದ್ದು 2025ರ ಫೆಬ್ರುವರಿಯಲ್ಲಿ. ಹೊಸಪೇಟೆ ಗಾಡಿಗೆ, ನಮ್ಮವರ ಬಾಯಲ್ಲಿ ಅದು ಇನ್ನೂ ಗದಗ ಗಾಡಿಯೇ, ನಾಲ್ವರ ಕೋರಿಕೆ ಬಂತು. ಕಾರಣ: ಊರಿನಲ್ಲಿ ಅತ್ತೆಯವರಿಗೆ ಶಸ್ತ್ರಚಿಕಿತ್ಸೆ. ಪತ್ರ ಬರೆಯುವ ಮೊದಲು ಆಸ್ಪತ್ರೆ ಯಾವುದೆಂದು ತಿಳಿಯಲು ಪ್ರಯಾಣಿಕರ ಸಂಖ್ಯೆ ಕೇಳಿ ಪಡೆದು ಫೋನು ಮಾಡಿದೆ. ಎತ್ತಿದ ಹೆಣ್ಣುಮಗಳು ಬಹಳ ಸಂತೋಷದಿಂದ ಮಾತಾಡಿದಳು. ನಾಲ್ಕು ದಿನ ಮುಂಬಯಿ ನೋಡಿದರಂತೆ, ಶಿರಡಿಯೂ ಆಯಿತಂತೆ, ಈಗ ಊರಿಗೆ. ಅತ್ತೆಯವರು ಹೇಗಿದ್ದಾರೆ ಎಂದೆ. "ಇಲ್ಲೇ ಅದಾರಲ್ರಿ, ನಮ್ಮ ಜೋಡಿನ ಬಂದಾರ. ಕಾರಣ ಏನರ ಬರೀಬೇಕಂತ ಅಂಗಡಿಯವ್ರು ಅಂದ್ರು" ಎಂದಳು. ಅವಳದ್ದೇನೂ ತಪ್ಪಿಲ್ಲ. ಆದರೆ ಆ ಕಾರಣದ ಕೆಳಗೆ ನಮ್ಮ ಸಾಹೇಬರ ಸಹಿ ಬೀಳಬೇಕಾಗಿತ್ತು. ಸುಳ್ಳು ಕಾರಣದ ಮೇಲೆ ಕೋಟಾ ಪಡೆದದ್ದು ತಪಾಸಣೆಯಲ್ಲಿ ಸಿಕ್ಕಿದರೆ ಉತ್ತರ ಕೊಡಬೇಕಾದವರು ಅವರು, ಆಮೇಲೆ ನಾನು. ಆ ಪತ್ರ ಹೋಗಲಿಲ್ಲ.

ಸಂಬಂಧವನ್ನು ಕಡಿಯುವುದು ನನಗೆ ಬೇಕಿರಲಿಲ್ಲ. ಜಗಳವಾಡಿದರೆ ತಮ್ಮನಿಗೆ ಊರಿನಲ್ಲಿ ಮುಜುಗರ. ಅದಕ್ಕಿಂತ ಹೆಚ್ಚಾಗಿ, ಸೊಲ್ಲಾಪುರದ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದವರನ್ನು ನಾನು ಬೈಯಲಾರೆ. ಬೇಕಾಗಿದ್ದದ್ದು ಕುದಿಯುವ ಪಾತ್ರೆಯ ಕೆಳಗಿನ ಉರಿಯನ್ನು ಸಣ್ಣದು ಮಾಡುವುದು. ಅದಕ್ಕೆ ಮೊದಲು ನನ್ನ ಬಾಯಿಂದ ಒಂದು ಪದವನ್ನು ತೆಗೆಯಬೇಕಾಯಿತು.

ಆ ಪದ 'ನೋಡ್ತೀನಿ.' ಕನ್ನಡದಲ್ಲಿ ಸಭ್ಯವಾಗಿ ಇಲ್ಲವೆನ್ನಲು ನಮಗಿರುವ ಸಾಧನ ಇದು. ದಕ್ಷಿಣದಲ್ಲಿ 'ನೋಡೋಣ', ನಮ್ಮ ಕಡೆ 'ನೋಡ್ತೀನಿ ತಗೋರಿ', ಕಚೇರಿಯ ಮರಾಠಿಯಲ್ಲಿ 'ಬಘತೇ'. ಎದುರಿಗಿರುವವರು ನಮ್ಮಷ್ಟೇ ಸೂಕ್ಷ್ಮದವರಾಗಿದ್ದರೆ ಅದು ಕೆಲಸ ಮಾಡುತ್ತದೆ. ಮದುವೆಯ ಕರೆಯೋಲೆ ಕೊಟ್ಟವರಿಗೆ 'ನೋಡೋಣ' ಎಂದರೆ ಅವರು ಎಲೆಯ ಲೆಕ್ಕದಿಂದ ನಮ್ಮನ್ನು ಬಿಡುತ್ತಾರೆ. ಆದರೆ ಕೇಳುವುದನ್ನೇ ರೂಢಿ ಮಾಡಿಕೊಂಡವರ ಕಿವಿಯಲ್ಲಿ ಅದು 'ಹೌದು' ಎಂದೇ ಬೀಳುತ್ತದೆ. ಅವರು ಆಚೆಯವರಿಗೆ "ಅಕ್ಕಾರಿಗೆ ಹೇಳೀನಿ, ಆಗ್ತದ" ಎಂದು ಮಾತು ಕೊಟ್ಟಾಗಿರುತ್ತದೆ. ಆ ಪ್ರಯಾಣಿಕರು ತತ್ಕಾಲ್ ಟಿಕೆಟ್ಟಿಗೆ ಪ್ರಯತ್ನಿಸುವುದಿಲ್ಲ, ಬಸ್ಸಿನಲ್ಲಿ ಜಾಗ ಹಿಡಿಯುವುದಿಲ್ಲ. ಕೋಟಾ ಸಿಗದೆ ಚಾರ್ಟು ಹೊರಬಿದ್ದಾಗ ಅವರ ಆನ್‌ಲೈನ್ ಟಿಕೆಟ್ಟು ತಾನಾಗಿಯೇ ರದ್ದಾಗುತ್ತದೆ. ಹಣ ಮರಳಿ ಬರುತ್ತದೆ, ಆದರೆ ಅವರು ಮಕ್ಕಳು ಮರಿ ಕಟ್ಟಿಕೊಂಡು ನಿಲ್ದಾಣದಲ್ಲಿ ನಿಂತಿರುತ್ತಾರೆ. ನನ್ನ ದಾಕ್ಷಿಣ್ಯದ ಬೆಲೆಯನ್ನು ನಾನು ಕಾಣದ ಆ ನಾಲ್ವರು ತೆರಬೇಕಾಗುತ್ತದೆ. ಆದ್ದರಿಂದ ಇಲ್ಲವೆನ್ನುವುದಾದರೆ ಬೇಗ ಎನ್ನಬೇಕು. ತತ್ಕಾಲ್ ತೆರೆಯುವುದು ಗಾಡಿ ಹೊರಡುವ ಹಿಂದಿನ ದಿನ, ಹವಾನಿಯಂತ್ರಿತ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ನನ್ನ ಉತ್ತರ ಅದಕ್ಕಿಂತ ಮೊದಲು ತಲುಪಿರಬೇಕು ಎಂಬ ನಿಯಮವನ್ನು ನಾನೇ ಹಾಕಿಕೊಂಡೆ.

ಎರಡನೆಯದು, ಕಾರಣ ಹೇಳದಿರುವುದು. ಇದು ನಮಗೆ ಬಹಳ ಕಷ್ಟ. ಬರಿಯ 'ಆಗುವುದಿಲ್ಲ' ಎಂಬುದು ಒರಟು ಎಂಬ ಭಾವನೆ ನಮ್ಮ ರಕ್ತದಲ್ಲಿಯೇ ಇದೆ. ಜೊತೆಗೊಂದು ಕಾರಣ ಕಟ್ಟಿದರೆ ಮಾತು ಮೆತ್ತಗಾಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ಕಾರಣವೆಂಬುದು ಕೇಳುವವರಿಗೆ ದುರಸ್ತಿಯ ಕೆಲಸ. ಹಿಂದೊಮ್ಮೆ ಸಾಹೇಬರು ನಿಜವಾಗಿಯೇ ರಜೆಯಲ್ಲಿದ್ದಾಗ ಹಾಗೆಂದು ಹೇಳಿದ್ದೆ. "ಬ್ಯಾರೆ ಸಾಹೇಬ್ರು ಇರ್ತಾರಲ್ರಿ?" ಬೇರೆಯವರು ನನಗೆ ಪರಿಚಯವಿಲ್ಲ ಎಂದರೆ, "ಹಂಗಾದರ ಈ ನೆಪದಾಗ ಪರಿಚಯ ಆಗ್ತದ." ನಗು ಬಂದಿತ್ತು, ನಿಜ. ಆದರೆ ಕೊನೆಗೆ ಪರಿಚಯ ಮಾಡಿಕೊಳ್ಳಲು ಹೊರಡಬೇಕಾದವಳು ನಾನು.

ಮಾರ್ಚಿನಲ್ಲಿ ಮತ್ತೆ ಕರೆ ಬಂದಾಗ ನಾನು ಎತ್ತಲಿಲ್ಲ. ಸಂಜೆ ಕಚೇರಿ ಬಿಟ್ಟು ಲೋಕಲ್ಲಿನಲ್ಲಿ ಕುಳಿತ ಮೇಲೆ ಒಂದು ಸಂದೇಶ ಬರೆದೆ. ಅದನ್ನು ಎಷ್ಟು ಸಲ ತಿದ್ದಿದೆನೆಂದರೆ ಠಾಣೆಯಲ್ಲಿ ಶುರುವಾದದ್ದು ಕಲ್ಯಾಣದಲ್ಲಿ ಮುಗಿಯಿತು. "ಫೋನ್ ನೋಡಿದೆ. ಕಚೇರಿಯಾಗ ಮಾತಾಡಾಕ ಆಗೂದಿಲ್ಲ. ಟಿಕೆಟಿನ ವಿಷಯ ಇದ್ದರ ಬರದ ಕಳಸ್ರಿ: ಪಿಎನ್‌ಆರ್, ಪ್ರಯಾಣ ಮಾಡೋರು ನಿಮಗ ಏನಾಗಬೇಕು, ಖರೇ ಕಾರಣ, ಅವರ ಫೋನ್ ನಂಬರ್. ನಾನ ಅವರ ಜೋಡಿ ಮಾತಾಡ್ತೀನಿ." ಈ ಕೊನೆಯ ಎರಡು ಅಂಶಗಳೇ ಅರ್ಧ ಕೆಲಸ ಮಾಡಿದವು. ಬಾಯಿಮಾತಿನಲ್ಲಿ ಕೇಳುವುದು ಸುಲಭ. ಬರೆದು ಕೇಳುವಾಗ 'ಏನಾಗಬೇಕು' ಎಂಬಲ್ಲಿ ಏನನ್ನಾದರೂ ತುಂಬಬೇಕು. ಮತ್ತು ನಾನು ಪ್ರಯಾಣಿಕರೊಡನೆ ನೇರವಾಗಿ ಮಾತನಾಡಿದರೆ ನಡುವಿನವರ ಹಿರಿಮೆ ಕರಗುತ್ತದೆ. ಅಂದಿನ ಕೋರಿಕೆ ಬರಲೇ ಇಲ್ಲ.

ಏಪ್ರಿಲಿನಲ್ಲಿ ಬಂದ ಇನ್ನೊಂದಕ್ಕೆ ಅದೇ ದಿನ ಸಂಜೆ ಉತ್ತರಿಸಿದೆ: "ಈ ಸಲ ನನ್ನ ಕಡಿಂದ ಆಗೂದಿಲ್ಲರಿ. ನಾಳಿ ಹನ್ನೊಂದಕ್ಕ ತತ್ಕಾಲ್ ತೆರೀತದ, ಅದಕ್ಕ ಪ್ರಯತ್ನ ಮಾಡಾಕ ಹೇಳ್ರಿ." ಯಾಕೆ ಎಂದು ಕೇಳಿದರು. "ಆಗೂದಿಲ್ಲರಿ" ಎಂದು ಮತ್ತೆ ಬರೆದೆ, ಅಷ್ಟೇ. ಕೈ ನಡುಗಿತು ಎಂದರೆ ಉತ್ಪ್ರೇಕ್ಷೆಯಾದೀತು. ಊಟ ಮಾತ್ರ ರುಚಿಸಲಿಲ್ಲ.

ಮೇ ತಿಂಗಳಲ್ಲಿ ತಮ್ಮನ ಫೋನು. "ಅಕ್ಕಾ, ಅವಂಗ ಯಾಕ ಹಂಗ ಅಂದಿ? ಅಕ್ಕಾರ ಈಗ ದೊಡ್ಡವರಾಗ್ಯಾರ ಅಂತ ಅಂಗಡ್ಯಾಗ ನಾಲ್ಕು ಮಂದಿ ಮುಂದ ಅಂದ." ನಾನು ನಿರೀಕ್ಷಿಸಿದ್ದೇ ಅದು. ತಣ್ಣಗಾಗುತ್ತಿರುವ ಸಂಬಂಧದ ದೂರು ನೇರವಾಗಿ ಬರುವುದಿಲ್ಲ. ಹತ್ತಿರದವರ ಬಾಯಿಂದ ಬರುತ್ತದೆ. ಅಲ್ಲಿ ಸಮರ್ಥನೆಗೆ ಇಳಿದರೆ ನಮ್ಮ ಪ್ರತಿಯೊಂದು ಮಾತೂ ಎರಡಾಗಿ ಆಚೆಗೆ ಹೋಗುತ್ತದೆ. ಅತ್ತೆಯವರ ಶಸ್ತ್ರಚಿಕಿತ್ಸೆಯ ಕಥೆಯನ್ನು ತಮ್ಮನಿಗೆ ಹೇಳಲಿಲ್ಲ; ಹೇಳಿದ್ದರೆ ಅದು ಅದೇ ಅಂಗಡಿಯಲ್ಲಿ ಅವರ ಮಾನಕ್ಕೆ ಬರುತ್ತಿತ್ತು. ಒಂದೇ ವಾಕ್ಯ ಹೇಳಿದೆ: "ಅವರ ಮನಿಯವರಿಗೆ ಏನ ಬೇಕಾದರೂ ಕೇಳಾಕ ಹೇಳು, ರಾತ್ರಿ ಎರಡಕ್ಕ ಕೇಳಿದರೂ ಏಳ್ತೀನಿ. ಮಂದಿಗೆ ಮಾಡಾಕ ನನ್ನಿಂದ ಆಗೂದಿಲ್ಲ." ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದರ ಬರೋಬ್ಬರಿ ಐತಿ" ಎಂದ. ಈ ಗೆರೆಯನ್ನು ಎಳೆದ ಮೇಲೆ ನನಗೂ ನಿರಾಳವಾಯಿತು. ಋಣ ಅವರದ್ದು, ಅವರ ಗಿರಾಕಿಗಳದ್ದಲ್ಲ.

ಇಷ್ಟರಲ್ಲಿ ಸರ್ಕಾರದ ನಿಯಮಗಳೂ ನನ್ನ ನೆರವಿಗೆ ಬಂದವು. 2025ರ ಜುಲೈನಿಂದ ಚಾರ್ಟು ಸಿದ್ಧಪಡಿಸುವ ಹೊತ್ತು ಹಿಂದಕ್ಕೆ ಸರಿಯಿತು. ಅದರೊಂದಿಗೆ ತುರ್ತು ಕೋಟಾದ ಪತ್ರಗಳ ಗಡುವೂ ಬಿಗಿಯಾಯಿತು. ಮಧ್ಯಾಹ್ನ ಎರಡರ ನಂತರ ಹೊರಡುವ ಗಾಡಿಗಳಿಗೆ ಹಿಂದಿನ ದಿನ ಸಂಜೆ 4ರೊಳಗೆ ಪತ್ರ ತಲುಪಬೇಕು. ಪ್ರಯಾಣದ ದಿನವೇ ತಂದ ಪತ್ರಕ್ಕೆ ಬೆಲೆಯಿಲ್ಲ. ರಾತ್ರಿ ಒಂಬತ್ತರ ಗಾಡಿಗೆ ಅದೇ ಮಧ್ಯಾಹ್ನ ಬರುತ್ತಿದ್ದ "ಅಂದಂಗ ಅಕ್ಕಾರ"ಗಳು ಇದರಿಂದ ತಾವಾಗಿಯೇ ಬಿದ್ದುಹೋದವು. ನನ್ನದಲ್ಲದ ನಿಯಮದ ನೆರಳಿನಲ್ಲಿ ನಿಲ್ಲುವುದು ಹಿತವೇ. ಆದರೆ ಅದನ್ನೇ ನೆಪ ಮಾಡಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ; ನಾಳೆ ನಿಯಮ ಸಡಿಲವಾದರೆ ನೆಪವೂ ಸಡಿಲವಾಗುತ್ತದೆ. ಅದೇ ತಿಂಗಳು ಆನ್‌ಲೈನ್ ತತ್ಕಾಲಿಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು. ಅವರ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸುವುದು ಹೇಗೆಂದು ನಾನೇ ಫೋನು ಮಾಡಿ ಅರ್ಧ ಗಂಟೆ ಹೇಳಿಕೊಟ್ಟೆ. ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿರುವುದು, ಹಬ್ಬಕ್ಕೆ ಯಾವ ದಿನ ಬೆಳಿಗ್ಗೆ ಎಂಟಕ್ಕೆ ಕೂರಬೇಕೆಂಬುದು, ಎಲ್ಲವನ್ನೂ ಹೇಳಿದೆ. ಅವರಿಗೆ ಅದರಲ್ಲಿ ಅಷ್ಟು ಆಸಕ್ತಿ ಕಾಣಲಿಲ್ಲ. ಮಾಡಿಸಿಕೊಡುವುದರಲ್ಲಿರುವ ರುಚಿ ತಾವೇ ಮಾಡಿಕೊಳ್ಳುವುದರಲ್ಲಿ ಎಲ್ಲಿ ಬರಬೇಕು?

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಇದನ್ನು ಕೇಳಿ ನನ್ನ ಯಜಮಾನರು ನಕ್ಕರು. ಯಾವ ಕೆಲಸವೂ ಇಲ್ಲದೆ ನಾನೇ ಅವರಿಗೆ ಫೋನು ಮಾಡತೊಡಗಿದೆ. ಮಗಳ ಪಿಯುಸಿ ಫಲಿತಾಂಶ ಬಂದಾಗ ಒಮ್ಮೆ, ನಾಗರಪಂಚಮಿಗೆ ಒಮ್ಮೆ. ಉರಿ ಸಣ್ಣದು ಮಾಡಲು ಹೊರಟವಳು ಹೀಗೇಕೆ ಮಾಡಬೇಕು? ಕೆಲಸದ ಮಾತನ್ನು ತೆಗೆದ ಮೇಲೆ ನಮ್ಮ ನಡುವೆ ಏನಾದರೂ ಉಳಿಯುತ್ತದೆಯೇ ಎಂದು ತಿಳಿಯಬೇಕಿತ್ತು. ಉಳಿಯುವುದಾದರೆ ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಮೊದಲ ಸಲ ಅವರು ಗಾಬರಿಯಾದರು: "ಏನ್ರಿ ಅಕ್ಕಾರ, ಎಲ್ಲಾ ಆರಾಮ?" ನಾಗರಪಂಚಮಿಯ ಕರೆ ಮಳೆಯಿಂದ ಶುರುವಾಗಿ, ಆಲಮಟ್ಟಿಯ ನೀರಿಗೆ ಬಂದು, ದಾಳಿಂಬೆಯ ದರದ ಹತ್ತಿರ ನಿಂತುಹೋಯಿತು. ಅವರು 'ಅಂದಂಗ' ಎನ್ನಲಿಲ್ಲ. ನನಗೂ ಹೇಳಲು ಏನೂ ತೋಚಲಿಲ್ಲ. ಮೂರನೆಯ ಸಲ ಮಾಡಲಿಲ್ಲ. ತಮ್ಮನ ಗೆಳೆಯನೊಂದಿಗೆ ನನಗೆ ಹಂಚಿಕೊಳ್ಳುವಂಥದ್ದು ಒಂದೇ ಒಂದು ರಾತ್ರಿ ಇದೆ, ಅದರ ಬಗ್ಗೆ ಇಬ್ಬರೂ ಮಾತಾಡುವವರಲ್ಲ. ಅದು ಹಾಗೆಯೇ ಇರಲಿ ಎನ್ನಿಸಿತು.

ಅಕ್ಟೋಬರಿನಲ್ಲಿ ಸಂದೇಶ ಬಂತು, ನಾನು ಕೇಳಿದ ಕ್ರಮದಲ್ಲಿಯೇ. ಪ್ರಯಾಣ ಮಾಡುವವರು: ತಮ್ಮನ ಹೆಂಡತಿ, ಜೊತೆಗೆ ತಮ್ಮ. ಕಾರಣ: ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ, ಸ್ತನದ ಗಂಟು. ಫೋನ್ ಸಂಖ್ಯೆ ಇತ್ತು. ಅಂದು ರಾತ್ರಿ ನಾನೇ ಮಾತಾಡಿದೆ, ಮರುದಿನ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ತಪಾಸಣೆಗಳಿಗೆ ಎರಡು ವಾರಕ್ಕಿಂತ ಹೆಚ್ಚು ಹಿಡಿಯುತ್ತದೆಂದು ಗೊತ್ತಾದಾಗ ಲಾಡ್ಜಿನ ಬಾಡಿಗೆ ಅವರ ಕೈಗೆ ಮೀರಿತ್ತು. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಿ ದಾದರಿನ ಗಾಡಗೇ ಮಹಾರಾಜ ಧರ್ಮಶಾಲೆಯಲ್ಲಿ ಜಾಗ ಸಿಗುವಂತಾಯಿತು. ಊರಿಗೆ ಮರಳುವಾಗ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬರೆಸಿಕೊಳ್ಳಲು ಹೇಳಿದೆ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ದರ ಮಾಫಿ, ಜೊತೆಗಿರುವವರಿಗೆ ಶೇಕಡಾ 75 ರಿಯಾಯಿತಿ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೌಂಟರಿನಲ್ಲಿ ತೆಗೆದ ಟಿಕೆಟ್ಟು ವೇಟಿಂಗ್ ಲಿಸ್ಟಿನಲ್ಲಿತ್ತು. ಹಿಂದಿನ ದಿನ ಮೂರು ಗಂಟೆಗೆ ಪತ್ರ ಹಿಡಿದು ಸಾಹೇಬರ ಕೋಣೆಗೆ ಹೋದೆ. ತಲೆ ಎತ್ತಿದರು. "ಬಹಳ ದಿನವಾಯಿತು ನೀವು ಬಂದು" ಎಂದರು. ಕಾರಣವನ್ನು ಓದಿ, ಪ್ರಮಾಣಪತ್ರದ ಪ್ರತಿ ನೋಡಿ, ಸಹಿ ಮಾಡಿದರು. ಯಾರು ಇವರು ಎಂದು ಕೇಳಲಿಲ್ಲ. ಇಬ್ಬರಿಗೂ ಬರ್ತು ಸಿಕ್ಕಿತು, ಅವಳಿಗೆ ಕೆಳಗಿನದು.

ಮುಟ್ಟಿದೆವೆಂದು ಅವರ ತಮ್ಮ ಫೋನು ಮಾಡಿದ. ನನ್ನ ಪರಿಚಿತರು ಮಾಡಲಿಲ್ಲ. ಮಾಡುತ್ತಾರೆಂದು ನಾನೂ ಎಣಿಸಿರಲಿಲ್ಲ. ಆ ಹೆಣ್ಣುಮಗಳು ಈಗ ಮೂರು ವಾರಕ್ಕೊಮ್ಮೆ ಬರುತ್ತಾಳೆ. ಧರ್ಮಶಾಲೆಗೆ ಜೋಳದ ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ. ಅವಳ ಮತ್ತು ನನ್ನ ನಡುವೆ ಮಾತಿಗೆ ಕೊರತೆಯಿಲ್ಲ.

ಸಂಕ್ರಾಂತಿಗೆ ಅವರಿಂದ ಎಳ್ಳುಬೆಲ್ಲದ ಚಿತ್ರ ಬಂತು, ನೂರು ಜನಕ್ಕೆ ಕಳಿಸಿದ್ದು. ನಾನೂ ಒಂದು ಚಿತ್ರ ಕಳಿಸಿದೆ. ಅದರ ಮುಂದಿನ ವಾರ ಪುಣೆಯಿಂದ ಗುರುತಿಲ್ಲದ ಸಂಖ್ಯೆಯ ಕರೆ. ಅಲ್ಲಿನ ಕಚೇರಿಯೊಂದರಲ್ಲಿರುವ ನಮ್ಮ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆಯಂತೆ. ನನ್ನ ಸಂಖ್ಯೆಯನ್ನು ನನ್ನ ತಮ್ಮನಿಂದ ಪಡೆದಳಂತೆ. ಬಾಗಲಕೋಟೆಯ ಅಂಗಡಿಯವರೊಬ್ಬರು ಈಚೆಗೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಾರೆ, ಬಹಳ ಒಳ್ಳೆಯವರು, ಆರಾಮ ಅದೀರಿ ಎಂದು ಕೇಳುತ್ತಾರೆ, ಆದರೆ... ಎಂದು ತಡವರಿಸಿದಳು. "ಆಮ್ಯಾಲ ಅಂದಂಗ ಅಂತಾರೇನವಾ?" ಎಂದೆ. ಆ ಕಡೆಯಿಂದ ಹೊರಟ ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಪಿಎನ್‌ಆರ್ ಜೊತೆಗೆ ಏನೇನು ಬರೆಸಿಕೊಳ್ಳಬೇಕೆಂಬುದನ್ನು ನಿಧಾನವಾಗಿ ಹೇಳಿದೆ, ಅವಳು ಬರೆದುಕೊಂಡಳು.